ಬಿಸಿಬೇಳೆಬಾತಿನ ಬೆಲೆ, ತೊಳೆದಿಟ್ಟ ಡಬ್ಬಿ

ಜೋಗೇಶ್ವರಿ ಪೂರ್ವದ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಮೊದಲ ಮಹಡಿಯಲ್ಲಿ ಒಂದು ಕಡೆ ರಟ್ಟಿನ ಪೆಟ್ಟಿಗೆ ಮಾಡುವವರು, ಇನ್ನೊಂದು ಕಡೆ ರಬ್ಬರ್ ವಾಷರ್ ಒತ್ತುವವರು. ಇವರಿಬ್ಬರ ನಡುವಿನ ಗಾಲಾದಲ್ಲಿ, ಅಂದರೆ ಕಾರ್ಖಾನೆಗೆಂದು ಕಟ್ಟಿದ ಒಂದೇ ಕೋಣೆಯಲ್ಲಿ, ಹಿರಿಯಣ್ಣನವರ ‘ಮೈಸೂರು ಮನೆ’. ಮೇಜಿಲ್ಲ, ಕುರ್ಚಿಯಿಲ್ಲ, ಬಾಗಿಲಲ್ಲಿ ಬೋರ್ಡೂ ಇಲ್ಲ. ಗಿರಾಕಿ ಫೋನಿನಲ್ಲಿ ಬೆರಳಾಡಿಸುತ್ತಾನೆ, ಇಲ್ಲಿ ಒಲೆ ಉರಿಯುತ್ತದೆ, ಬೈಕಿನ ಹುಡುಗ ಬಂದು ಪೊಟ್ಟಣ ಒಯ್ಯುತ್ತಾನೆ. ಇದಕ್ಕೆ ಕ್ಲೌಡ್ ಕಿಚನ್ ಎಂದು ಯಾರೋ ಪುಣ್ಯಾತ್ಮರು ಹೆಸರಿಟ್ಟಿದ್ದಾರೆ. ಹಿರಿಯಣ್ಣನವರ ಅನುಭವದಲ್ಲಿ ಮೋಡದಲ್ಲಿದ್ದದ್ದು ಲಾಭವೊಂದೇ. ಬಾಡಿಗೆ, ಗ್ಯಾಸು, ಕರೆಂಟು ಎಲ್ಲವೂ ಗಟ್ಟಿ ನೆಲದ ಮೇಲೆಯೇ ಇದ್ದವು.

ಹೆಸರು ಮೈಸೂರು ಮನೆ ಎಂದಿದ್ದರೂ ಮಾಲೀಕರು ಮೈಸೂರು ನೋಡಿ ಎಷ್ಟೋ ವರ್ಷಗಳಾಗಿದ್ದವು. ಮನೆ ದಹಿಸರಿನಲ್ಲಿ. ಅಡುಗೆ ಮಾಡುವ ಅಣವೀರಪ್ಪ ಕಲಬುರಗಿ ಕಡೆಯವನು. ಮುಂಬೈಗೆ ಬಂದದ್ದು ಸ್ಲ್ಯಾಬ್ ಹಾಕುವ ಕೆಲಸಕ್ಕೆ. ಆಮೇಲೆ ಕುರ್ಲಾದ ಹೋಟೆಲೊಂದರಲ್ಲಿ ಸೌಟು ಹಿಡಿದು, ಕೊನೆಗೆ ಹಿರಿಯಣ್ಣನವರ ಹೆಂಡತಿ ಸರಸ್ವತಿಯವರ ಕೈಕೆಳಗೆ ತಿಂಗಳುಗಟ್ಟಲೆ ಬೈಸಿಕೊಂಡು ಬಿಸಿಬೇಳೆಬಾತು ಕಲಿತವನು. ತಿನ್ನುವವರಲ್ಲಿ ಹೆಚ್ಚಿನವರು ಗುಜರಾತಿಗಳು, ಮರಾಠಿಗಳು. ಹೀಗೆ ಮೈಸೂರಿನ ಸಂಬಂಧ ಉಳಿದಿದ್ದದ್ದು ಸರಸ್ವತಿಯವರ ಸಾರಿನ ಪುಡಿಯಲ್ಲಿ ಮಾತ್ರ.

ಅಣವೀರಪ್ಪನಿಗೆ ಒಂದು ಅಭ್ಯಾಸ. ಎಲ್ಲ ಡಬ್ಬಿಗಳೂ ಒಂದೇ ತರಹ, ಕಪ್ಪು ತಳ, ಬಿಳಿ ಮುಚ್ಚಳ. ಒಳಗೇನಿದೆ ಎಂದು ಗೊತ್ತಾಗಲೆಂದು ಮುಚ್ಚಳದ ಮೇಲೆ ಕೆಂಪು ಮಾರ್ಕರಿನಿಂದ ಗುರುತು ಹಾಕುತ್ತಿದ್ದ. ಬಿಸಿಬೇಳೆಬಾತಿಗೆ ವಿಭೂತಿಯಂತೆ ಅಡ್ಡ ಮೂರು ಗೆರೆ, ಮೊಸರನ್ನಕ್ಕೆ ನಡುವೆ ಒಂದು ಬೊಟ್ಟು. ಆ ಮಾರ್ಕರಿನ ಬಣ್ಣ ಸೋಪು ಹಾಕಿ ಉಜ್ಜಿದರೂ ಹೋಗುವಂಥದ್ದಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಹಿರಿಯಣ್ಣನವರ ಮನೆಯವರು ಇಟ್ಟುಕೊಳ್ಳಲಿಲ್ಲ, ಅದಕ್ಕೇ ಸಿಕ್ಕಿಬಿದ್ದರು.

ಹಿರಿಯಣ್ಣನವರು ಫೋರ್ಟಿನ ವಿಮಾ ಆಫೀಸಿನಲ್ಲಿ ಇಡೀ ಆಯುಷ್ಯ ಕಳೆದು, ಕಂಪನಿ ಕೊಟ್ಟ ಸ್ವಯಂನಿವೃತ್ತಿ ತೆಗೆದುಕೊಂಡು ಹೊರಬಿದ್ದವರು. ಅವರಿಗೆ ಸಾವಿನ ಭಯ ಇರಲಿಲ್ಲ, ಸಾವಿನ ಮೇಲೆಯೇ ಪಾಲಿಸಿ ಮಾಡಿ ಬದುಕಿದವರು. ಭಯ ಇದ್ದದ್ದು ಸೊಸೈಟಿಯ ಗೇಟಿನ ಪಕ್ಕದ ಸಿಮೆಂಟಿನ ಬೆಂಚಿನದು. ಆ ಬೆಂಚಿನ ಮೇಲೆ ಬಿಲ್ಡಿಂಗಿನ ನಿವೃತ್ತರೆಲ್ಲ ಬೆಳಿಗ್ಗೆ ಕೂತರೆ ಊಟಕ್ಕೆ ಏಳುವವರು. ಒಬ್ಬರ ಮಂಡಿ, ಇನ್ನೊಬ್ಬರ ಸಕ್ಕರೆ, ಮತ್ತೊಬ್ಬರ ಸೊಸೆ, ಮೂರೇ ವಿಷಯ. ನಿವೃತ್ತಿಯ ಮರುವಾರ ಅಲ್ಲಿಂದ ಯಾರೋ ಸ್ವಲ್ಪ ಸರಿದು, ಜಾಗ ತಟ್ಟಿ, “ಆವೋ ಹಿರಿಯಣ್ಣಾಜೀ” ಎಂದು ಕರೆದರು. ಹಿರಿಯಣ್ಣನವರು ಅಂದೇ ಜೋಗೇಶ್ವರಿಗೆ ಗಾಲಾ ನೋಡಲು ಹೋದರು.

ಸರಸ್ವತಿ ಬೇಡ ಎನ್ನಲಿಲ್ಲ. ಒಂದೇ ಕರಾರು ಹಾಕಿದರು. ಗಾಲಾದ ಕರಾರುಪತ್ರ ಹನ್ನೊಂದು ತಿಂಗಳದ್ದು. ಅದು ಮುಗಿಯುವ ಹೊತ್ತಿಗೆ ಅಡುಗೆಮನೆ ತನ್ನ ಬಾಡಿಗೆಯನ್ನೂ ಅಣವೀರಪ್ಪನ ಸಂಬಳವನ್ನೂ ತಾನೇ ದುಡಿಯಬೇಕು. ಇಲ್ಲದಿದ್ದರೆ ಬೀಗದ ಕೈ ವಾಪಸ್, ಇವರು ಬೆಂಚಿಗೆ, ಅಣವೀರಪ್ಪ ಮತ್ತೆ ಸ್ಲ್ಯಾಬಿಗೆ.

ಬಾಯಿರುಚಿಯ ವಿಷಯದಲ್ಲಿ ತಕರಾರು ಬರಲಿಲ್ಲ. ಆರ್ಡರುಗಳು ಬಂದವು. ಆದರೆ ಆ್ಯಪಿನವರು ವಾರಕ್ಕೊಮ್ಮೆ ಬ್ಯಾಂಕಿಗೆ ಹಾಕುವ ದುಡ್ಡು ನೋಡಿದರೆ, ಊಟ ಮಾಡಿದ್ದು ಗಿರಾಕಿಯೋ ಆ್ಯಪೋ ಎಂದು ಅನುಮಾನ ಬರುವಂತಿತ್ತು. ಕಮಿಷನ್, ಆ ಕಮಿಷನ್ನಿನ ಮೇಲೆ ಜಿಎಸ್‌ಟಿ, ಆನ್‌ಲೈನ್ ಪಾವತಿಯ ಖರ್ಚು ಎಲ್ಲ ಸೇರಿ ನೂರಕ್ಕೆ ಮೂವತ್ತು ಅಲ್ಲೇ ಇಳಿದುಹೋಗುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿ ಮಂಗಳಾರತಿ ತಟ್ಟೆಯ ಜೊತೆಗೆ ಪ್ರಸಾದದಲ್ಲೂ ಪಾಲು ಕೇಳುತ್ತಿದ್ದ.

ಆ್ಯಪಿನ ಪರವಾಗಿ ಅವರನ್ನು ‘ನೋಡಿಕೊಳ್ಳಲು’ ತಿಲಕ್ ಎಂಬ ಹುಡುಗನಿದ್ದ. ಮುಖ ನೋಡಿದವರಿಲ್ಲ, ಬರೀ ದನಿ. ಹಿರಿಯಣ್ಣನವರು ಲಾಭವಿಲ್ಲ ಎಂದಾಗಲೆಲ್ಲ ಹೆಚ್ಚು ಜನರ ಕಣ್ಣಿಗೆ ಬೀಳಲು ಅವನ ಬಳಿ ಒಂದೇ ಔಷಧ.

“ಸರ್‌ಜೀ, ಆಪ್ ಡಿಸ್ಕೌಂಟ್ ಲಗಾವೋ. ಥೋಡಾ ಆ್ಯಡ್ಸ್ ಭೀ ಚಲಾವೋ. ವಿಸಿಬಿಲಿಟಿ ಬಢೇಗಿ.”

ಡಿಸ್ಕೌಂಟಿನ ದುಡ್ಡು ಯಾರದು ಎಂದು ಕೇಳಿದರೆ ಹಿರಿಯಣ್ಣನವರದು. ಜಾಹೀರಾತಿನ ದುಡ್ಡು? ಅದೂ ಅವರದೇ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಆ ‘ಯಾರದೋ’ ತಾನೇ ಎಂದು ತಿಳಿಯಲು ಹಿರಿಯಣ್ಣನವರಿಗೆ ಮೂರು ತಿಂಗಳು ಹಿಡಿಯಿತು.

ಕೊನೆಗೆ ಬೆಲೆ ಏರಿಸುವುದೆಂದು ನಿಶ್ಚಯಿಸಿದರು. ಲೆಕ್ಕ ಸಲೀಸು. ಅವರು ಮೂವತ್ತು ಕಿತ್ತುಕೊಂಡರೆ ನಾವು ಮೂವತ್ತು ಏರಿಸೋಣ. ನೂರಾ ನಲವತ್ತರ ಬಿಸಿಬೇಳೆಬಾತು ನೂರಾ ಎಂಬತ್ತೆರಡಾಯಿತು. ವಾರದ ಕೊನೆಗೆ ನೋಡಿದರೆ ಒಂದು ಡಬ್ಬಿಗೆ ಕೈಗೆ ಬಂದದ್ದು ನೂರಾ ಇಪ್ಪತ್ತೇಳು. ಏರಿಸಿದ ನಲವತ್ತೆರಡರಲ್ಲೂ ಆ್ಯಪಿನವರು ತಮ್ಮ ಮೂವತ್ತರ ಪಾಲನ್ನು ಮರ್ಯಾದೆಯಿಂದ ತೆಗೆದುಕೊಂಡಿದ್ದರು. ಪ್ರೀಮಿಯಂ ಲೆಕ್ಕ ಹಾಕಿ ತಲೆ ನರೆತ ಮನುಷ್ಯ ಕೂಡಿಸಬೇಕೋ ಭಾಗಿಸಬೇಕೋ ಎಂಬಲ್ಲಿ ಎಡವಿದ್ದರು. ನೂರಾ ನಲವತ್ತು ಕೈಗೆ ಬರಬೇಕಾದರೆ ಅದನ್ನು ಉಳಿಯುವ ಎಪ್ಪತ್ತರ ಪಾಲಿನಿಂದ ಭಾಗಿಸಬೇಕು, ಆಗ ಇನ್ನೂರಾಗುತ್ತದೆ. ಇನ್ನೂರು ರೂಪಾಯಿಯ ಬಿಸಿಬೇಳೆಬಾತು! ಅದನ್ನು ಬಾಯಲ್ಲಿ ಹೇಳಲೂ ಅವರಿಗೆ ನಾಚಿಕೆಯಾಯಿತು.

ನಾಚಿಕೆ ಅವರೊಬ್ಬರದೇ ಅಲ್ಲ. ನೂರಾ ಎಂಬತ್ತೆರಡಕ್ಕೇ ಗಿರಾಕಿಗಳು ಮುಖ ತಿರುಗಿಸಿದ್ದರು. ಆ್ಯಪಿನಲ್ಲಿ ಮೆನು ನೋಡಿದವರ ಸಂಖ್ಯೆ ಅಷ್ಟೇ ಇತ್ತು, ನೋಡಿ ಬಿಟ್ಟುಹೋದವರ ಸಂಖ್ಯೆ ಏರಿತ್ತು. ಆರ್ಡರುಗಳಲ್ಲಿ ಮೂರರಲ್ಲೊಂದು ಪಾಲು ಮಾಯ. ಆರ್ಡರು ಕಡಿಮೆಯಾದರೆ ಆ್ಯಪು ನಮ್ಮನ್ನು ಪಟ್ಟಿಯಲ್ಲಿ ಕೆಳಕ್ಕೆ ತಳ್ಳುತ್ತದೆ, ಕೆಳಗಿದ್ದವರನ್ನು ಯಾರೂ ನೋಡುವುದಿಲ್ಲ, ನೋಡದಿದ್ದರೆ ಆರ್ಡರು ಇನ್ನೂ ಕಡಿಮೆ. ಬಾವಿಗೆ ಬಿದ್ದವನ ಮೇಲೆ ಕೊಡವೂ ಬಿದ್ದ ಹಾಗೆ.

“ಸರ, ಒಮ್ಮೆಲೇ ಏರಿಸಿದ್ರ ಮಂದಿ ಓಡಿ ಹೋಗ್ತಾರ್ರೀ,” ಎಂದ ಅಣವೀರಪ್ಪ, ಖಾಲಿ ಕೂತು ಸೌಟು ಒರೆಸುತ್ತ.

“ಅದು ನಂಗೂ ಗೊತ್ತಾಯ್ತಪ್ಪ,” ಎಂದರು ಹಿರಿಯಣ್ಣ. ಅಂದು ಮನೆಗೆ ಹೋಗಿ ಊಟ ಬೇಡವೆಂದು ಮಲಗಿದರು. ತಟ್ಟೆ ಹಾಕಿ ಕಾದಿದ್ದ ಸರಸ್ವತಿ ಅದನ್ನು ಎತ್ತಿಟ್ಟು, ಬಾಲ್ಕನಿಗೆ ಹೋಗಿ ತಮ್ಮನಿಗೆ ಫೋನು ಮಾಡಿದರು. ಆ ಫೋನಿನ ವಿಷಯ ಹಿರಿಯಣ್ಣನವರಿಗೆ ಬಹಳ ದಿನ ತಿಳಿಯಲಿಲ್ಲ.

ಬೆಳಿಗ್ಗೆ ಎದ್ದಾಗ ಅವರ ತಲೆ ಚುರುಕಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ. ಬೆಲೆಗಳನ್ನೆಲ್ಲ ಹಿಂದಕ್ಕೆ ಇಳಿಸಿದರು. ಎಲ್ಲರೂ ಎಲ್ಲ ಕಡೆ ಹೋಲಿಸಿ ನೋಡುವ ಇಡ್ಲಿಯನ್ನು ತೊಂಬತ್ತೊಂಬತ್ತಕ್ಕೆ ಕಟ್ಟಿಹಾಕಿದರು, ಅದರ ಮೇಲೆ ಕೂಪನ್ನನ್ನೂ ಬಿಟ್ಟರು. ಅದು ಗಾಳಕ್ಕೆ ಸಿಕ್ಕಿಸುವ ಹುಳು. ಹೋಲಿಸಲು ಬೇರೆ ಕಡೆ ಸಿಗದ ತಿಂಡಿಗಳನ್ನು ಮಾತ್ರ ಸೋಮವಾರಕ್ಕೊಮ್ಮೆ ಹತ್ತು ರೂಪಾಯಿ, ಹದಿನೈದು ರೂಪಾಯಿ ಮೆಲ್ಲನೆ ಏರಿಸತೊಡಗಿದರು, ಯಾರದೋ ಜೇಬಿನಿಂದ ಕರವಸ್ತ್ರ ಎಳೆಯುವವರಂತೆ. ಬಿಸಿಬೇಳೆಬಾತು ನೂರಾ ತೊಂಬತ್ತೊಂಬತ್ತಕ್ಕೆ ಬಂದು ನಿಂತಿತು. ಇನ್ನೂರರೊಳಗಿನ ತಿಂಡಿ ಹುಡುಕುವವರಿಗೂ ಕಾಣಬೇಕಲ್ಲ, ಅದಕ್ಕೆ ಆ ಒಂದು ರೂಪಾಯಿಯ ತ್ಯಾಗ. ಅದರ ಜೊತೆಗೆ ಕೋಸಂಬರಿ, ಬೂಂದಿ, ಪುಟ್ಟ ಡಬ್ಬಿ ಪಾಯಸ ಸೇರಿಸಿ ‘ಮೈಸೂರು ಊಟ’ ಎಂಬ ಕಾಂಬೊ ಮಾಡಿದರು. ಅದು ಇನ್ನೂರಾ ಇಪ್ಪತ್ತರಿಂದ ಶುರುವಾಗಿ ಇನ್ನೂರಾ ಎಪ್ಪತ್ತೊಂಬತ್ತಕ್ಕೆ ಹತ್ತಿತು. ಇಂಥ ಊಟಕ್ಕೆ ಬೇರೆಲ್ಲೂ ಬೆಲೆಯಿಲ್ಲ, ಆದ್ದರಿಂದ ದುಬಾರಿ ಎಂದು ಹೇಳಲು ಯಾರಿಗೂ ಆಧಾರವಿಲ್ಲ ಎಂಬುದು ಅವರ ತತ್ತ್ವ.

ಪವಾಡ ನಡೆಯಿತು. ಒಂದೂ ಆರ್ಡರು ಕಡಿಮೆಯಾಗಲಿಲ್ಲ! ಪ್ರತಿ ಸೋಮವಾರ ಬೆಲೆ ಏರುತ್ತಿತ್ತು, ಪ್ರತಿ ಮಂಗಳವಾರ ಬಿಸಿಬೇಳೆಬಾತಿನ ಆರ್ಡರು ಇನ್ನೊಂದು ಹೆಚ್ಚೇ ಬರುತ್ತಿತ್ತು. ಗೋರೆಗಾಂವ್‌ನಿಂದ, ಅಂಧೇರಿಯ ಆಫೀಸುಗಳಿಂದ. ಎಲ್ಲರೂ ಐದೈದು ನಕ್ಷತ್ರ ಕೊಡುತ್ತಿದ್ದರು. “ಸೂಪರ್ ಟೇಸ್ಟ್”, “ಮನೆಯ ರುಚಿ” ಎಂದು ಬರೆಯುತ್ತಿದ್ದರು. ಮನೆಯ ರುಚಿ ಎಂದು ಅಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ಹಿರಿಯಣ್ಣನವರು ಒಮ್ಮೆಯೂ ಯೋಚಿಸಲಿಲ್ಲ. ಹೊಗಳಿಕೆಯ ಬೇರು ಯಾರು ಅಗೆಯುತ್ತಾರೆ?

ಅವರು ಬದಲಾದರು. ಲೋಕಲಿನಲ್ಲಿ ಪಕ್ಕ ನಿಂತವರಿಗೂ ವ್ಯಾಪಾರದ ಉಪದೇಶ ಶುರುವಾಯಿತು. ದಹಿಸರಿನ ಆ ಬೆಂಚಿನ ಎದುರು ನಿಂತು, ಕೂರದೆ, ಅದು ಮುಖ್ಯ, ಕೂರದೆ, ಬೆಲೆಯೆಂಬುದು ಗಿರಾಕಿಯ ಮನಸ್ಸಿನಲ್ಲಿರುತ್ತದೆ ಎಂದು ಭಾಷಣ ಮಾಡಿದರು. ಬೆಂಚಿನವರು ಮಂಡಿ ನೀವುತ್ತ ಕೇಳಿದರು.

“ನೋಡೇ ಸರಸ್ವತಿ, ಈ ಗೆರೆ ನೋಡು,” ಎಂದು ಮನೆಯಲ್ಲಿ ಫೋನು ಹಿಡಿದು ಆರ್ಡರುಗಳ ಗ್ರಾಫು ತೋರಿಸಿದರು. “ಬೆಲೆ ಮೇಲಕ್ಕೆ ಹೋದ್ರೂ ಆರ್ಡರ್ ಕೆಳಗೆ ಬಂದಿಲ್ಲ. ಇದನ್ನ ಮ್ಯಾನೇಜ್‌ಮೆಂಟ್ ಕಾಲೇಜಲ್ಲಿ ಪಾಠ ಮಾಡ್ಬೇಕು.”

“ಮಾಡ್ಬೇಕು, ಮಾಡ್ಬೇಕು,” ಎಂದರು ಸರಸ್ವತಿ, ಹುರಳಿಕಾಯಿ ಸೋಸುತ್ತ, ತಲೆಯೆತ್ತದೆ. ಮಗಳು ಸಾಧನಾ ಥಟ್ಟನೆ ಎದ್ದು ನೀರು ಕುಡಿಯಲು ಹೋದಳು. ಅವಳಿಗೆ ಅಂಧೇರಿಯಲ್ಲಿ ಕೆಲಸ. ಇತ್ತೀಚೆಗೆ ಸ್ವಲ್ಪ ದಪ್ಪಗಾಗಿದ್ದಳು.

ಸರಸ್ವತಿಯವರ ತಮ್ಮ ಅನಿಲಕುಮಾರ ಇದ್ದದ್ದು ಗೋರೆಗಾಂವ್‌ನಲ್ಲಿ. ಶ್ರಾವಣ ಕಳೆದ ಮೇಲೆ ಅವನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಭಟ್ಟರು ಸಂಕಲ್ಪ ಹೇಳಿಸುತ್ತಿದ್ದಾಗ ಗೋಡಂಬಿ ಸಾಲದೆಂದು ತಿಳಿಯಿತು. ಅನಿಲಕುಮಾರನ ಹೆಂಡತಿ ಸುಪ್ರಜಾ ಮಡಿಯಲ್ಲಿ ಗಂಡನ ಪಕ್ಕ ಕೂತಿದ್ದಳು. ಹತ್ತಿರ ನಿಂತಿದ್ದ ಹಿರಿಯಣ್ಣನವರು, “ನಾನು ತರ್ತೀನಿ, ನೀವು ಏಳ್ಬೇಡಿ,” ಎಂದು ಅಡುಗೆಮನೆಗೆ ಹೋದರು. ಸುಪ್ರಜಾಳಿಗೆ ಏನೋ ಹೊಳೆದು, “ಅಣ್ಣಾ ಬೇಡ, ಬೇಡ!” ಎಂದು ಕೂಗಿದಳು. ಭಟ್ಟರು ಮಂತ್ರ ನಿಲ್ಲಿಸಿ ದುರುಗುಟ್ಟಿ ನೋಡಿದರು.

ಹಿರಿಯಣ್ಣನವರು ಬೀರುವಿನ ಬಾಗಿಲು ತೆರೆದರು. ಹಳೇ ಮೈಸೂರಿನ ಹೆಂಗಸರ ಒಂದು ಧರ್ಮವಿದೆ, ಶಾಸ್ತ್ರದಲ್ಲಿ ಬರೆದಿಲ್ಲದಿದ್ದರೂ ಶಾಸ್ತ್ರಕ್ಕಿಂತ ಗಟ್ಟಿ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯನ್ನು ಅವರು ಎಸೆಯುವುದಿಲ್ಲ. ತೊಳೆದು, ಬಿಸಿಲಿಗಿಟ್ಟು, ಒಳಗೇನಾದರೂ ತುಂಬುತ್ತಾರೆ. ಬೀರುವಿನ ತುಂಬ ಡಬ್ಬಿಗಳಿದ್ದವು. ಹೆಸರುಬೇಳೆ, ಮೆಂತ್ಯ, ಧನಿಯ, ಚೆಕ್ಕೆ, ಗೋಡಂಬಿ. ಕಪ್ಪು ತಳ, ಬಿಳಿ ಮುಚ್ಚಳ. ಪ್ರತಿ ಮುಚ್ಚಳದ ಮೇಲೂ ಸೋಪಿಗೆ ಜಗ್ಗದ ಕೆಂಪು ವಿಭೂತಿ, ಅಡ್ಡ ಮೂರು ಗೆರೆ. ಕೆಳಗಿನ ಖಾನೆಯಲ್ಲಿ ಇನ್ನೂ ಏನೂ ತುಂಬದ ಡಬ್ಬಿಗಳು ಒಂದರೊಳಗೊಂದು ಸೇರಿ ಗೋಪುರದಂತೆ ನಿಂತಿದ್ದವು. ಮೊಸರನ್ನದ ಬೊಟ್ಟುಗಳೂ ಇದ್ದವು.

ಗೋಡಂಬಿಯ ಡಬ್ಬಿ ಹಿಡಿದು ಅವರು ಹೊರಬಂದರು. ಡಬ್ಬಿಯನ್ನು ಯಾರ ಕೈಗೂ ಕೊಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಅವರು ಕಳ್ಳ ಎಂದು ಇನ್ನೂ ಅಂದಿರಲಿಲ್ಲ, ಆಗಲೇ ಅನಿಲಕುಮಾರ ಕಲಶದ ಕಡೆ ನೋಡತೊಡಗಿದ, ಸಾಧನಾ ಫೋನಿನಲ್ಲಿ ಮುಳುಗಿದಳು, ಸರಸ್ವತಿ ಸೆರಗಿನಿಂದ ಇಲ್ಲದ ಬೆವರು ಒರೆಸಿಕೊಂಡರು.

“ಭಾವ, ಅದು... ನಿಮ್ಮ ಬಾತು ಅಂದ್ರೆ ನಮಗೆ ಇಷ್ಟ,” ಎಂದ ಅನಿಲಕುಮಾರ.

“ದಿನಾ?”

“ದಿನಾ ಅಂತಲ್ಲ. ನಾವು, ನಮ್ಮ ಮೇಲಿನ ಮನೆಯವರು, ಸುಪ್ರಜಾಳ ಯೋಗಾ ಕ್ಲಾಸಿನವರು...”

“ಆಫೀಸಲ್ಲಿ ನನ್ನ ಟೀಮ್‌ಗೂ ಮಂಗಾತಿ ಥೀ, ಅಪ್ಪ,” ಎಂದಳು ಸಾಧನಾ ಸಣ್ಣ ದನಿಯಲ್ಲಿ. “ಬೇರೆ ಬೇರೆಯವರ ಅಕೌಂಟಿಂದ ತರಿಸ್ತಿದ್ದೆ. ಪೈಸೆ ನಾನೇ ಕೊಡ್ತಿದ್ದೆ. ಡಬ್ಬಾ ಮನೆಗೆ ತಂದ್ರೆ ನೀವು ನೋಡ್ತೀರ ಅಂತ ಅತ್ತೆ ಮನೇಲಿ ಇಡ್ತಿದ್ದೆ.”

“ಎಸೀಬಹುದಿತ್ತಲ್ಲ?” ಎಂದರು ಹಿರಿಯಣ್ಣ.

ಮೂವರೂ ಹೆಂಗಸರು ಅವರನ್ನು ನೋಡಿದ ನೋಟದಲ್ಲಿ ನಿಜವಾದ ಆಶ್ಚರ್ಯವಿತ್ತು. ಅದೊಂದು ಅವರ ಯಾರ ತಲೆಗೂ ಬಂದಿರಲಿಲ್ಲ.

ಸತ್ಯನಾರಾಯಣನ ಕಥೆಯಲ್ಲಿ ಸುಳ್ಳು ಹೇಳಿದ ವ್ಯಾಪಾರಿಗೆ ಏನಾಯಿತು ಎಂಬ ಅಧ್ಯಾಯವನ್ನು ಭಟ್ಟರು ಅಂದು ಓದಿದಾಗ ಮನೆಯವರೆಲ್ಲ ಬಹಳ ಭಕ್ತಿಯಿಂದ ತಲೆ ತಗ್ಗಿಸಿ ಕೇಳಿದರು.

ದಹಿಸರಿಗೆ ಮರಳುವಾಗ ಹಿರಿಯಣ್ಣನವರ ಮನಸ್ಸಿನಲ್ಲಿ ಲೆಕ್ಕ ನಡೆದಿತ್ತು. ತನ್ನ ಮನೆಯವರು ತನ್ನ ಅಡುಗೆಯನ್ನು ತನ್ನಿಂದಲೇ ಕೊಂಡು, ನೂರಕ್ಕೆ ಮೂವತ್ತನ್ನು ಯಾರಿಗೋ ಕೊಟ್ಟು, ಉಳಿದದ್ದನ್ನು ತನ್ನ ಕೈಗೆ ತಲುಪಿಸಿದ್ದರು. ಅದೇ ದುಡ್ಡನ್ನು ಮನೆಯಲ್ಲಿ ಕೈಗೇ ಕೊಟ್ಟಿದ್ದರೆ ಪೂರ್ತಿ ಸಿಗುತ್ತಿತ್ತು. ಪ್ರೀತಿಗೂ ಕಮಿಷನ್, ಆ ಕಮಿಷನ್ನಿಗೂ ಜಿಎಸ್‌ಟಿ. ಪಾಠ ಮಾಡಬೇಕಾದದ್ದೇ, ನಿಜ.

“ಯಾಕೆ ಹೀಗೆ ಮಾಡಿದ್ರಿ?” ಎಂದು ಮನೆ ಬಾಗಿಲಲ್ಲಿ ಕೇಳಿದರು.

ಸರಸ್ವತಿ ಬೀಗಕ್ಕೆ ಕೈ ಹಾಕಿದವರು ಹಾಗೇ ನಿಂತರು. “ಅವತ್ತು ನೀವು ಊಟ ಬಿಟ್ಟು ಮಲಗಿದ್ರಲ್ಲ. ಮಗೂನ ಕೈಯಿಂದ ತಟ್ಟೆ ಕಿತ್ಕೊಂಡ ಹಾಗಿತ್ತು ನಿಮ್ಮ ಮುಖ. ನೀವು ಆ ಬೆಂಚಿನ ಮೇಲೆ ಕೂರೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ ರೀ. ಕರಾರು ಹಾಕಿದೋಳೂ ನಾನೇ, ಅದಕ್ಕೇ ಹೇಳಕ್ಕಾಗ್ಲಿಲ್ಲ.”

ಹಿರಿಯಣ್ಣನವರಿಗೆ ಕೋಪ ಬಂದಿತ್ತು, ಅವಮಾನವಾಗಿತ್ತು. ಆದರೆ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. “ನಾಳೆಯಿಂದ ನಮ್ಮೋರು ಯಾರೂ ಆರ್ಡರ್ ಮಾಡ್ಕೂಡ್ದು,” ಎಂದಷ್ಟೇ ಹೇಳಿ ಒಳಗೆ ಹೋದರು. ಅಂದು ಊಟ ಮಾತ್ರ ಮಾಡಿದರು.

ಮರುವಾರದ ಗೆರೆ ಜಾರುಬಂಡಿಯಂತೆ ಇಳಿಯಿತು. ತಿಲಕನ ಫೋನು ಬಂತು. ಡಿಸ್ಕೌಂಟ್ ಲಗಾವೋ. ಹಿರಿಯಣ್ಣನವರು ಈ ಬಾರಿ ಅವನ ಮಾತು ಕೇಳದೆ ಕೈಗೆ ಬಂದ ಆರ್ಡರುಗಳನ್ನೇ ಒಂದೊಂದಾಗಿ ಬಿಡಿಸಿ ನೋಡಿದರು. ನೆಂಟರನ್ನು ಕಳೆದ ಮೇಲೆ ಉಳಿದವರಲ್ಲಿ ಅರ್ಧಕ್ಕರ್ಧ ಮಂದಿ ತೊಂಬತ್ತೊಂಬತ್ತರ ಇಡ್ಲಿಯವರು. ಆ ಇಡ್ಲಿಯಲ್ಲಿ ಕೂಪನ್ ಕಳೆದು, ಕಮಿಷನ್ ಕಳೆದು, ಇಡ್ಲಿಗೊಂದು ಸಾಂಬಾರಿಗೊಂದು ಚಟ್ನಿಗೊಂದು ಡಬ್ಬಿಯ ಖರ್ಚು ಕಳೆದರೆ, ಅಣವೀರಪ್ಪ ಬೆಳಗಾಗೆದ್ದು ಜನರಿಗೆ ಇಡ್ಲಿ ದಾನ ಮಾಡುತ್ತಿದ್ದಾನೆ ಎಂದೇ ಅರ್ಥ. ಮೂಗಿಗಿಂತ ಮೂಗುತಿ ಭಾರ. ಹುಳುವನ್ನು ತಿಂದ ಮೀನುಗಳು ಗಾಳವನ್ನು ಮುಟ್ಟದೆ ಈಜಿಕೊಂಡು ಹೋಗಿದ್ದವು.

ಆರ್ಡರು ಕಳೆದುಕೊಳ್ಳಬಾರದು, ಕಳೆದುಕೊಳ್ಳಬಾರದು ಎಂದು ಇಷ್ಟು ದಿನ ಜಪ ಮಾಡಿದ್ದಕ್ಕೆ ಅವರಿಗೇ ನಗು ಬಂತು. ಕಳೆದುಕೊಳ್ಳಬೇಕಾದ ಆರ್ಡರುಗಳೂ ಇರುತ್ತವೆ. ಕೂಪನ್ ಕಿತ್ತು ಹಾಕಿದರು. ಇಡ್ಲಿಯನ್ನು ವಡೆ, ಕೇಸರಿಬಾತಿನ ಜೊತೆ ಸೇರಿಸಿ ಕಾಂಬೊ ಮಾಡಿದರು, ಬಿಡಿ ಇಡ್ಲಿ ಬಂದ್.

“ಸರ, ಇಡ್ಲಿ ಮಂದಿ ಎಲ್ಲಾ ಹೋಗಿಬಿಡ್ತಾರ್ರೀ,” ಎಂದ ಅಣವೀರಪ್ಪ ಗಾಬರಿಯಿಂದ.

“ಹೋಗ್ಲಿ ಬಿಡು. ಅವರಿಗೆ ನಾವು ಊಟ ಹಾಕ್ತಿದ್ವಿ, ವ್ಯಾಪಾರ ಮಾಡ್ತಿರ್ಲಿಲ್ಲ.”

ಇಡ್ಲಿಯವರು ನಿಜಕ್ಕೂ ಹೋದರು, ತಿರುಗಿಯೂ ನೋಡಲಿಲ್ಲ. ಆರ್ಡರುಗಳು ಮೊದಲಿನ ಅರ್ಧಕ್ಕಿಳಿದವು. ವಿಚಿತ್ರವೆಂದರೆ ವಾರದ ಕೊನೆಗೆ ಬ್ಯಾಂಕಿಗೆ ಬಂದ ದುಡ್ಡು ಅರ್ಧವಾಗಲಿಲ್ಲ, ಸ್ವಲ್ಪವೇ ಇಳಿಯಿತು. ಅಕ್ಕಿ, ಗ್ಯಾಸು, ಡಬ್ಬಿಯ ಖರ್ಚು ಮಾತ್ರ ಧಾರಾಳವಾಗಿ ಇಳಿದಿತ್ತು. ಕೂಡಿ ಕಳೆದು ನೋಡಿದರೆ ಬಾಡಿಗೆ ಮತ್ತು ಸಂಬಳ ಉಸಿರು ಬಿಗಿಹಿಡಿದು ದಾಟುತ್ತಿದ್ದವು.

ಆದರೆ ಒಮ್ಮೆ ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಈ ಉಳಿದವರು ಯಾರು? ಇವರೂ ನೆಂಟರೇ ಆಗಿದ್ದರೆ? ಹೆಂಡತಿ ಹೊಸ ಜನರನ್ನು ಹಿಡಿದಿದ್ದರೆ? ಯಾರಾದರೂ ಐದು ನಕ್ಷತ್ರ ಕೊಟ್ಟರೆ ಹಿರಿಯಣ್ಣನವರಿಗೆ ಮೈ ಉರಿಯತೊಡಗಿತು. ಎಲ್ಲಕ್ಕಿಂತ ಹೆಚ್ಚು ಅನುಮಾನ ಶೀಲಾವತಿ ಎಂಬ ಹೆಸರಿನ ಮೇಲೆ. ಜೋಗೇಶ್ವರಿ ಪಶ್ಚಿಮದ ಈ ಹೆಂಗಸು ‘ಮೈಸೂರು ಊಟ’ ಇನ್ನೂರಾ ಇಪ್ಪತ್ತಿದ್ದಾಗಿನಿಂದ ತರಿಸುತ್ತಿದ್ದರು, ಇನ್ನೂರಾ ಎಪ್ಪತ್ತೊಂಬತ್ತಾದರೂ ಬಿಡಲಿಲ್ಲ. ನಕ್ಷತ್ರವೂ ಇಲ್ಲ, ಮಾತೂ ಇಲ್ಲ. ಅವರೊಬ್ಬರು ನಿಜವಾದರೆ ಬೆಲೆಯೂ ನಿಜ, ಅಡುಗೆಮನೆಯೂ ನಿಜ. ಅವರೂ ಸರಸ್ವತಿಯ ಗೆಳತಿಯಾದರೆ, ಎಲ್ಲ ಮುಗಿದಂತೆ.

ಗಾಲಾದ ಕರಾರು ಮುಗಿಯಲು ಬಂದಿತ್ತು. ಮಾಲೀಕ ದಿನಾ ಫೋನು ಮಾಡಿ ಇಟ್ಟುಕೊಳ್ಳುತ್ತೀರೋ ಬಿಡುತ್ತೀರೋ ಎಂದು ಕೇಳುತ್ತಿದ್ದ. ಹಿರಿಯಣ್ಣನವರು ಹೆಂಡತಿಯನ್ನು ನೇರವಾಗಿ ಕೇಳಿದರು. “ಶೀಲಾವತಿ ಯಾರು?”

“ನಂಗೊತ್ತಿಲ್ಲ ರೀ, ನಿಜವಾಗ್ಲೂ.”

“ಹೋದ್ಸಲವೂ ನಿಜವಾಗ್ಲೂ ಸುಮ್ನಿದ್ದೆ.”

ಸರಸ್ವತಿಯವರ ಖಾತೆಯಲ್ಲಿ ನಂಬಿಕೆಯ ಬಾಕಿ ಇರಲಿಲ್ಲ.

ಆ ಗುರುವಾರ ಮಧ್ಯಾಹ್ನ ಮತ್ತೆ ಶೀಲಾವತಿಯ ಆರ್ಡರು ಬಂತು. ಒಯ್ಯಲು ಬಂದವನು ಸಂಗಪ್ಪ, ವಿಜಯಪುರದ ಕಡೆಯವನು. ಹಿರಿಯಣ್ಣನವರು ಸ್ಕೂಟರ್ ಕೀ ಹಿಡಿದು ಅವನ ಹಿಂದೆಯೇ ಇಳಿದರು.

“ನೀ ಮುಂದೆ ನಡಿ, ನಾನು ಹಿಂದೆ ಬರ್ತೀನಿ.”

ಸಂಗಪ್ಪ ಹೆಲ್ಮೆಟ್ಟಿನೊಳಗಿಂದ ನೋಡಿದ. “ಯಾಕ್ರೀ ಸರ, ನನ್ನ ಮ್ಯಾಲೆ ಡೌಟ್ ಏನ್ರೀ? ಇಷ್ಟು ದಿನಾ ಒಂದು ಬೂಂದಿಕಾಳು ತಿಂದಿಲ್ರೀ.”

“ನಿನ್ನ ಮೇಲಲ್ಲಪ್ಪ, ಗಿರಾಕಿ ಮೇಲೆ.”

ಇಂಥ ಅನುಮಾನ ಸಂಗಪ್ಪ ತನ್ನ ಸರ್ವೀಸಿನಲ್ಲಿ ಕೇಳಿರಲಿಲ್ಲ. ತಲೆ ಅಲ್ಲಾಡಿಸಿ ಬೈಕ್ ಒದ್ದ.

ಹಳೆಯ ಬಿಲ್ಡಿಂಗು, ಮೂರನೆಯ ಮಹಡಿ. ಲಿಫ್ಟ್ ಕೆಟ್ಟಿತ್ತು. ಹಿರಿಯಣ್ಣನವರು ಏದುಸಿರು ಬಿಡುತ್ತ ಮೆಟ್ಟಿಲ ತಿರುವಿನಲ್ಲಿ ಮರೆಯಾಗಿ ನಿಂತರು. ಬಾಗಿಲು ತೆರೆದವರು ಅರವತ್ತರ ಮರಾಠಿ ಹೆಂಗಸು, ಕನ್ನಡಕ ಹಣೆಯ ಮೇಲೆ. ಈ ಮುಖವನ್ನು ಅವರು ಯಾವ ಪೂಜೆಯಲ್ಲೂ, ಯಾವ ಮದುವೆಯಲ್ಲೂ ನೋಡಿರಲಿಲ್ಲ. ಸಂಗಪ್ಪ ಪೊಟ್ಟಣ ಕೊಟ್ಟು, ಸುಮ್ಮನೆ ಹೋಗದೆ, “ಓನರ್ ಭೀ ಆಯೇ ಹೈ, ಮೇಡಮ್,” ಎಂದು ತಿರುವಿನ ಕಡೆ ಕೈ ತೋರಿಸಿದ. ಹಿರಿಯಣ್ಣನವರು ಕಳ್ಳನಂತೆ ಬೆಳಕಿಗೆ ಬಂದು ಕೈ ಮುಗಿದರು.

ಶೀಲಾವತಿ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಶುರು ಮಾಡಿದರು. “ಓನರ್? ಅಚ್ಛಾ ಹುವಾ! ಕಿತನಾ ಲೂಟೋಗೆ ಭಾಯ್‌ಸಾಬ್?” ಪ್ರತಿ ಸೋಮವಾರ ಹತ್ತು ರೂಪಾಯಿ ಏರಿಸುತ್ತೀರಿ, ನಾನು ನೋಡುವುದಿಲ್ಲ ಎಂದುಕೊಂಡಿದ್ದೀರಾ? ಪಾಯಸ ಮೊದಲಿನಷ್ಟು ಇಲ್ಲ. ಬೂಂದಿ ಮೆತ್ತಗಿರುತ್ತದೆ. ತುಪ್ಪ ಎಲ್ಲಿ, ವಾಸನೆ ಮಾತ್ರ. ಇನ್ನೂ ಹತ್ತು ಏರಿಸಿ ನೋಡಿ, ನಾನೇ ಮನೆಯಲ್ಲಿ ಖಿಚಡಿ ಮಾಡಿಕೊಳ್ಳುತ್ತೇನೆ. ಹಿಂದಿಗೆ ಮರಾಠಿ ಸೇರಿಸಿ, ಉಸಿರು ತೆಗೆದುಕೊಳ್ಳದೆ ಬೈದರು. ಎದುರು ಮನೆಯ ಬಾಗಿಲು ತೆರೆದು ಒಬ್ಬರು ಇಣುಕಿದರು.

ಹಿರಿಯಣ್ಣನವರು ತಲೆ ತಗ್ಗಿಸಿ ಕೇಳುತ್ತಿದ್ದರು. ಮುಖದ ಮೇಲೆ ನಗು ಬರದಂತೆ ತಡೆಯಲು ಬಹಳ ಕಷ್ಟವಾಗುತ್ತಿತ್ತು. ಇಂಥ ಮಾತು ಕೇಳಿ ಎಷ್ಟು ಕಾಲವಾಗಿತ್ತು! ನೆಂಟರು ಯಾರೂ ಇಷ್ಟು ಚೆನ್ನಾಗಿ ಬೈದಿರಲಿಲ್ಲ.

“ಫಿರ್ ಭೀ ಆಪ್ ಮಂಗಾತೇ ಹೈ?” ಆದರೂ ತರಿಸುತ್ತೀರಲ್ಲ, ಎಂದು ಮೆಲ್ಲನೆ ಕೇಳಿದರು.

“ತೋ ಕ್ಯಾ ಕರೂಂ?” ಎಂದು ಶೀಲಾವತಿ ಇನ್ನೂ ಸಿಟ್ಟಾದರು. ಮತ್ತೇನು ಮಾಡಲಿ, ಇಲ್ಲಿ ಸುತ್ತಮುತ್ತ ಬೇರೆ ಯಾರೂ ಇದನ್ನು ಮಾಡುವುದಿಲ್ಲವಲ್ಲ, ಅದನ್ನೇ ಹಿಡಿದುಕೊಂಡು ಸುಲಿಯುತ್ತೀರಿ ಎಂದು ಬಾಗಿಲು ಹಾಕಿಕೊಂಡರು.

ಹಾಕಿದ ಬಾಗಿಲಿನ ಪಕ್ಕ ಕಸದವನಿಗೆಂದು ಇಟ್ಟ ಬಕೆಟ್ ಇತ್ತು. ಹಿರಿಯಣ್ಣನವರ ಕಣ್ಣು ಅದರ ಮೇಲೆ ಬಿತ್ತು. ಬಾಳೆಹಣ್ಣಿನ ಸಿಪ್ಪೆ, ಚಹಾದ ಚರಟ, ಅವುಗಳ ನಡುವೆ ಓರೆಯಾಗಿ ಬಿದ್ದ ಒಂದು ಕಪ್ಪು ಡಬ್ಬಿ. ಅಂಚಿಗೆಲ್ಲ ಬಿಸಿಬೇಳೆಬಾತು ಒಣಗಿ ಅಂಟಿತ್ತು. ಮುಚ್ಚಳದ ಮೇಲೆ ಕೆಂಪು ಮೂರು ಗೆರೆ. ನೀರು ಸೋಕಿಸಿದ ಗುರುತೂ ಇರಲಿಲ್ಲ.

ಅವರು ಬಗ್ಗಿ ನೋಡುತ್ತ ಅಲ್ಲೇ ನಿಂತುಬಿಟ್ಟರು. ಕಣ್ಣು ಮಂಜಾಯಿತು. ಸಂಗಪ್ಪ ಗಾಬರಿಯಾಗಿ, “ಯಾಕ್ರೀ ಸರ, ಅಕೀ ಬೈದದ್ದು ಮನಸಿಗೆ ಹಚ್ಕೊಂಡ್ರೇನು?” ಎಂದ. ಹಿರಿಯಣ್ಣನವರು ಇಲ್ಲವೆಂದು ತಲೆಯಾಡಿಸಿ, ಮೆಟ್ಟಿಲಿಳಿಯುತ್ತಲೇ ಫೋನು ತೆಗೆದು ಮೊದಲು ಗಾಲಾದ ಮಾಲೀಕನಿಗೆ, ಕರಾರು ಬರೆಸು, ನಾಳೆಯೇ ಸಹಿ ಹಾಕುತ್ತೇನೆ ಎಂದರು. ಆಮೇಲೆ ಮನೆಗೆ.

“ಸರಸ್ವತಿ, ಶೀಲಾವತಿ ನಿಜ ಕಣೇ! ಬೈದ್ರು, ಚೆನ್ನಾಗಿ ಬೈದ್ರು. ಡಬ್ಬಿ ಕಸದ ಬುಟ್ಟೀಲಿತ್ತು, ತೊಳೆದೂ ಇಲ್ಲ, ಹಾಗೇ ಎಸೆದಿದ್ದಾರೆ!”

ಆ ಕಡೆಯಿಂದ ಸರಸ್ವತಿಯವರ ದನಿ ನಿಜವಾದ ಸಂಕಟದಿಂದ ಬಂತು.

“ಅಯ್ಯೋ, ಅಷ್ಟು ಒಳ್ಳೇ ಡಬ್ಬೀನಾ?”